ಕಿವಿಗಿಟ್ಟರೆ ಸದ್ದಿಲ್ಲದ ಹೊಸ ಫೋನ್: ಮಾರಾಟಗಾರರಿಗೆ ಏನೆಂದು ಬರೆಯಬೇಕು?

‘ಹೊಸ ಫೋನಲ್ಲಿ ಸೌಂಡ್ ಬರ್ತಿಲ್ಲ, ಬೇಗ ಚೇಂಜ್ ಮಾಡಿಕೊಡಿ.’ ಆನ್‌ಲೈನಿನಲ್ಲಿ ಮೊಬೈಲ್ ಕೊಂಡು ಮೋಸಹೋದೆವೆಂಬ ಸಿಟ್ಟಿನಲ್ಲಿ ಹೆಚ್ಚಿನವರು ಬರೆಯುವುದು ಇಷ್ಟೇ. ಉತ್ತರವೂ ಸಿದ್ಧವಾಗಿರುತ್ತದೆ: ವಾಲ್ಯೂಮ್ ಹೆಚ್ಚಿಸಿ ನೋಡಿ, ಫೋನ್ ರೀಸ್ಟಾರ್ಟ್ ಮಾಡಿ, ಆಮೇಲೂ ಸರಿಹೋಗದಿದ್ದರೆ ತಿಳಿಸಿ. ಗ್ರಾಹಕರು ರೀಸ್ಟಾರ್ಟ್ ಮಾಡುತ್ತಾರೆ, ಮತ್ತೆ ಬರೆಯುತ್ತಾರೆ, ಈ ಸಲ ಬೇರೆ ಯಾರೋ ಅದೇ ಪ್ರಶ್ನೆ ಕೇಳುತ್ತಾರೆ. ಇತ್ತ ಬದಲಿ ಕೊಡುವ ಅವಧಿ ಒಂದೊಂದೇ ದಿನ ಕರಗುತ್ತಿರುತ್ತದೆ. ಮೊಬೈಲ್‌ಗಳಿಗೆ ಈ ಅವಧಿ ಬಹುತೇಕ ಏಳು ದಿನ. ಎಷ್ಟೆಂಬುದು ಆರ್ಡರ್ ಪುಟದಲ್ಲೇ ಬರೆದಿರುತ್ತದೆ.

ಆ ದೂರಿನಲ್ಲಿ ಸುಳ್ಳೇನೂ ಇಲ್ಲ. ಆದರೆ ‘ಸೌಂಡ್ ಬರ್ತಿಲ್ಲ’ ಎಂದರೆ ರಿಂಗ್ ಆಗುತ್ತಿಲ್ಲವೇ, ಹಾಡು ಕೇಳುತ್ತಿಲ್ಲವೇ, ನಮ್ಮ ಮಾತು ಆ ಕಡೆಯವರಿಗೆ ತಲುಪುತ್ತಿಲ್ಲವೇ, ಅವರ ಮಾತು ನಮಗೆ ಕೇಳುತ್ತಿಲ್ಲವೇ ಎಂಬುದು ಓದುವವರಿಗೆ ಗೊತ್ತಾಗುವುದಿಲ್ಲ. ಫೋನಿನಲ್ಲಿ ಸ್ಪೀಕರ್ ಒಂದೇ ಅಲ್ಲ. ಕೆಳ ಅಂಚಿನಲ್ಲಿರುವುದು ಲೌಡ್‌ಸ್ಪೀಕರ್. ರಿಂಗ್, ಹಾಡು, ಸ್ಪೀಕರ್‌ಗೆ ಹಾಕಿದ ಕರೆ ಎಲ್ಲವೂ ಅದರದ್ದು. ಪರದೆಯ ಮೇಲ್ತುದಿಯಲ್ಲಿ, ಮುಂದಿನ ಕ್ಯಾಮೆರಾ ಪಕ್ಕದ ಸಣ್ಣ ಸೀಳಿನ ಹಿಂದೆ ಇರುವುದು ಇಯರ್‌ಪೀಸ್. ರಿಪೇರಿ ಅಂಗಡಿಯವರು ಇದನ್ನು ಇಯರ್ ಸ್ಪೀಕರ್ ಅಥವಾ ರಿಸೀವರ್ ಎನ್ನುತ್ತಾರೆ. ಕೆಳಗಿನದು ಅವರ ಬಾಯಲ್ಲಿ ರಿಂಗರ್. ಮೇಲಿನದು ಸತ್ತರೂ ಕೆಳಗಿನದು ಚೆನ್ನಾಗಿಯೇ ಹಾಡುತ್ತಿರುತ್ತದೆ. ಹಾಗಾಗಿ ಈ ದೋಷ ಡಬ್ಬಿ ಬಿಚ್ಚಿದ ಕೂಡಲೇ ಕಣ್ಣಿಗೆ ಬೀಳುವುದಿಲ್ಲ.

ಶಿವಮೊಗ್ಗದಲ್ಲಿರುವ ನಿವೃತ್ತ ಮೇಷ್ಟ್ರೊಬ್ಬರಿಗೆ ಬೆಂಗಳೂರಿನ ಮಗಳು ಆನ್‌ಲೈನಿನಲ್ಲಿ ಫೋನ್ ತರಿಸಿಕೊಟ್ಟಿದ್ದಾಳೆ ಎಂದಿಟ್ಟುಕೊಳ್ಳೋಣ. ಅಪ್ಪನಿಗೆ ಫೋನ್ ಎಂದರೆ ಸ್ಪೀಕರ್‌ಗೆ ಹಾಕಿ ಟೀಪಾಯಿ ಮೇಲಿಟ್ಟು ಮಾತಾಡುವ ವಸ್ತು. ಮೂರನೆಯ ದಿನ ಬ್ಯಾಂಕಿನ ಸಾಲಿನಲ್ಲಿ ನಿಂತಾಗ ಕರೆ ಬಂದು, ಕಿವಿಗಿಟ್ಟುಕೊಂಡಾಗಲೇ ಗೊತ್ತಾದದ್ದು.

‘ಏನೂ ಕೇಳ್ಸಲ್ಲ ಕಣಮ್ಮ, ಹಲೋ ಹಲೋ ಅಂದ್ರೂ ಸುಮ್ನೆ ಇರುತ್ತೆ.’

‘ಅಪ್ಪಾ, ಬ್ಲೂಟೂತ್ ಆನ್ ಇದೆಯಾ ನೋಡಿ.’

ಮಗಳು ಕೇಳಿದ್ದು ಸರಿಯಾದ ಮೊದಲ ಪ್ರಶ್ನೆ. ಹತ್ತಿರದಲ್ಲೆಲ್ಲೋ ಬಿದ್ದಿರುವ ಇಯರ್‌ಬಡ್‌ಗೋ ಕಾರಿನ ಸ್ಟೀರಿಯೊಗೋ ಫೋನ್ ತಾನಾಗಿ ಜೋಡಿಕೊಂಡಿದ್ದರೆ ಕರೆಯ ಧ್ವನಿ ಅಲ್ಲಿಗೆ ಹೋಗಿಬಿಡುತ್ತದೆ. ಎರಡನೆಯದು ಪ್ಲಾಸ್ಟಿಕ್. ಕಂಪನಿಯಿಂದಲೇ ಅಂಟಿಸಿ ಬಂದ ಸಾಗಣೆಯ ಹಾಳೆಯಾಗಲಿ, ಅಂಗಡಿಯಲ್ಲಿ ಹಾಕಿಸಿದ ಸ್ಕ್ರೀನ್ ಗಾರ್ಡ್ ಆಗಲಿ ಮೇಲಿನ ಸೀಳನ್ನು ಮುಚ್ಚಿದ್ದರೆ ಧ್ವನಿ ಹೊರಬರುವುದಿಲ್ಲ, ಬಂದರೂ ಪಿಸುಗುಟ್ಟಿದಂತೆ ಇರುತ್ತದೆ. ಮೂರನೆಯದು ಕರೆಯ ವಾಲ್ಯೂಮ್. ಇದು ರಿಂಗಿನ ವಾಲ್ಯೂಮಿಗಿಂತ ಬೇರೆ. ಕರೆ ನಡೆಯುತ್ತಿರುವಾಗಲೇ ಪಕ್ಕದ ಗುಂಡಿ ಒತ್ತಿ ಅದನ್ನು ಏರಿಸಬೇಕು.

ಈ ಮೂರನ್ನೂ ನೋಡಿದ ಮೇಲೆ ಪರೀಕ್ಷೆ ಸರಳ. ಟೆಲಿಕಾಂ ದೂರುಗಳಿಗಿರುವ 198ಕ್ಕೆ ಕರೆ ಮಾಡಿದರೆ ಧ್ವನಿಮುದ್ರಿತ ಮಾತು ತಾನಾಗಿ ಶುರುವಾಗುತ್ತದೆ. ಇನ್ನೊಬ್ಬರನ್ನು ಕಾಡಬೇಕಿಲ್ಲ. ಕಿವಿಗಿಟ್ಟರೆ ಮೌನ, ಪರದೆಯ ಮೇಲಿನ ಸ್ಪೀಕರ್ ಗುರುತು ಒತ್ತಿದರೆ ಮಾತು ಸ್ಪಷ್ಟ ಎಂದಾದರೆ ನೆಟ್‌ವರ್ಕಿನ ತಪ್ಪಲ್ಲ, ಸಿಮ್ಮಿನ ತಪ್ಪೂ ಅಲ್ಲ. ಇನ್ನೊಂದು ಖಾತ್ರಿ ವಾಟ್ಸಾಪ್ ವಾಯ್ಸ್ ಮೆಸೇಜ್. ಅದನ್ನು ಹಚ್ಚಿ ಫೋನನ್ನು ಕಿವಿಗೆ ತಂದರೆ ಧ್ವನಿ ಲೌಡ್‌ಸ್ಪೀಕರ್‌ನಿಂದ ಇಯರ್‌ಪೀಸಿಗೆ ಬದಲಾಗುತ್ತದೆ. ಅಲ್ಲೂ ಮೌನವೇ ಆದರೆ ಇದು ಕರೆ ಮಾಡುವ ಆ್ಯಪ್ ಒಂದರದೇ ಸಮಸ್ಯೆಯಲ್ಲ ಎಂದಾಯಿತು. ಕೆಲವು ಫೋನ್‌ಗಳಲ್ಲಿ ಕಂಪನಿಯವರೇ ಇಟ್ಟ ಪರೀಕ್ಷಾ ಮೆನು ಇರುತ್ತದೆ. ಸ್ಯಾಮ್‌ಸಂಗ್‌ನ ಹಲವು ಮಾಡೆಲ್‌ಗಳಲ್ಲಿ ಡಯಲ್ ಪ್ಯಾಡಿನಲ್ಲಿ *#0*# ಒತ್ತಿದರೆ ಅದು ತೆರೆದುಕೊಂಡು, Receiver ಎಂಬ ಚೌಕ ಮುಟ್ಟಿದಾಗ ಇಯರ್‌ಪೀಸಿನಿಂದ ಒಂದೇ ಸಮನೆ ಸದ್ದು ಬರಬೇಕು. ಎಲ್ಲ ಫೋನ್‌ಗಳಲ್ಲೂ ಇದು ತೆರೆಯುವುದಿಲ್ಲ. ತೆರೆದರೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇರೆ ಬೇಡ.

ಅಷ್ಟಕ್ಕೂ ಹೊಸ ಫೋನಿನಲ್ಲಿ ಇದು ಹಾಳಾಗುವುದೇಕೆ? ಇಯರ್‌ಪೀಸ್ ಎಂದರೆ ಉಗುರಿನಷ್ಟು ಜಾಗದಲ್ಲಿ ಕೂತ ಒಂದು ಅಯಸ್ಕಾಂತ, ತಂತಿಯ ಸುರುಳಿ, ತೆಳು ಪೊರೆ. ಅನೇಕ ಮಾಡೆಲ್‌ಗಳಲ್ಲಿ ಅದನ್ನು ಬೆಸುಗೆ ಹಾಕಿರುವುದಿಲ್ಲ. ಸಣ್ಣ ಸ್ಪ್ರಿಂಗ್ ಪಿನ್ನುಗಳ ಮೇಲೆ ಅದು ಒತ್ತಿಕೊಂಡು ಕೂತಿರುತ್ತದೆ. ಜೋಡಿಸುವಾಗ ಪಿನ್ ಬಾಗಿದ್ದರೂ, ದಾರಿಯಲ್ಲಿ ಪಾರ್ಸೆಲ್ ಎತ್ತಿ ಕುಕ್ಕಿದಾಗ ಸಂಪರ್ಕ ತಪ್ಪಿದರೂ ಸದ್ದು ಅಡಗುತ್ತದೆ. ರಿಪೇರಿ ಗೊತ್ತಿದ್ದವರಿಗೆ ಇದು ದೊಡ್ಡ ಕೆಲಸವಲ್ಲ. ‘ಬಿಚ್ಚಿ ಕೂರಿಸಿದ್ರೆ ಸರಿಹೋಗುತ್ತೆ’ ಎಂದು ಬೀದಿ ಕೊನೆಯ ಅಂಗಡಿಯವರು ಹೇಳುವುದು ನಿಜವೂ ಇರಬಹುದು. ಆದರೆ ಒಮ್ಮೆ ಬಿಚ್ಚಿದ ಫೋನನ್ನು ಬದಲಿಗೆ ವಾಪಸ್ ತೆಗೆದುಕೊಳ್ಳುವವರು ಯಾರೂ ಇಲ್ಲ.

ಇಷ್ಟಾದ ಮೇಲೆ ಬರವಣಿಗೆ. ಮೇಷ್ಟ್ರ ಮಗಳು ಆರ್ಡರ್ ಪುಟದಲ್ಲೇ ಬದಲಿ ಕೋರುವ ಗುಂಡಿ ಒತ್ತಿ, ವಿವರದ ಚೌಕದಲ್ಲಿ ಹೀಗೆ ಬರೆಯಬಹುದು:

‘ನಮಸ್ಕಾರ. ಆರ್ಡರ್ ಸಂಖ್ಯೆ (ಇಲ್ಲಿ ಸಂಖ್ಯೆ) ಅಡಿ ತರಿಸಿದ ಫೋನ್ ಇದೇ 4ರಂದು ತಲುಪಿದೆ. ಇದರ ಇಯರ್‌ಪೀಸ್, ಅಂದರೆ ಪರದೆಯ ಮೇಲ್ಭಾಗದ ಸ್ಪೀಕರ್, ಕೆಲಸ ಮಾಡುತ್ತಿಲ್ಲ. ಕರೆಯಲ್ಲಿ ಫೋನ್ ಕಿವಿಗಿಟ್ಟರೆ ಏನೂ ಕೇಳುವುದಿಲ್ಲ. ಸ್ಪೀಕರ್‌ಗೆ ಹಾಕಿದರೆ ಅದೇ ಕರೆ ಸ್ಪಷ್ಟವಾಗಿ ಕೇಳುತ್ತದೆ, ನಮ್ಮ ಮಾತು ಆ ಕಡೆಗೂ ತಲುಪುತ್ತದೆ. ಬ್ಲೂಟೂತ್ ಆಫ್ ಮಾಡಿ, ಪರದೆಯ ಹಾಳೆ ತೆಗೆದು, ಕರೆಯ ವಾಲ್ಯೂಮ್ ಪೂರ್ತಿ ಏರಿಸಿ, ಎರಡು ಬೇರೆ ಸಿಮ್ ಹಾಕಿ ನೋಡಿದ್ದೇವೆ. ಸಾಫ್ಟ್‌ವೇರ್ ಅಪ್‌ಡೇಟ್ ಮತ್ತು ಫ್ಯಾಕ್ಟರಿ ರೀಸೆಟ್ ಆದ ಮೇಲೂ ಬದಲಾವಣೆ ಇಲ್ಲ. ವಿಡಿಯೊ ಲಗತ್ತಿಸಿದೆ. ಫೋನ್ ಬಿದ್ದಿಲ್ಲ, ನೀರು ತಾಗಿಲ್ಲ, ಎಲ್ಲೂ ಬಿಚ್ಚಿಸಿಲ್ಲ. ರಿಪೇರಿ ಬೇಡ. ಇದೇ ಮಾಡೆಲ್, ಇದೇ ಬಣ್ಣದ ಬೇರೆ ಫೋನ್ ಬದಲಿ ಕೊಡಿ. ಫೋನ್ ಶಿವಮೊಗ್ಗದ ವಿಳಾಸದಲ್ಲಿದೆ, ಅಲ್ಲಿಂದಲೇ ಪಡೆದುಕೊಳ್ಳಿ. ದೂರಿನ ಸಂಖ್ಯೆ ತಿಳಿಸಿ.’

ಇದರಲ್ಲಿ ಬೈಗುಳವಿಲ್ಲ, ‘ಕೋರ್ಟಿಗೆ ಎಳೆಯುತ್ತೇವೆ’ ಎಂಬ ಬೆದರಿಕೆಯೂ ಇಲ್ಲ. ಮೊದಲ ಪತ್ರದಲ್ಲಿ ಅವೆರಡೂ ದಂಡ. ‘ರಿಪೇರಿ ಬೇಡ’ ಎಂಬ ಎರಡು ಪದಗಳ ತೂಕ ಮಾತ್ರ ಹೆಚ್ಚು. ‘ಸರಿ ಮಾಡಿಕೊಡಿ’ ಎಂದು ಬರೆದರೆ ಹೊಸ ಫೋನನ್ನು ಸರ್ವಿಸ್ ಸೆಂಟರ್‌ಗೆ ಒಯ್ಯಿರಿ ಎಂಬ ಉತ್ತರಕ್ಕೆ ಗ್ರಾಹಕರೇ ಒಪ್ಪಿದಂತಾಗುತ್ತದೆ. ರೀಸೆಟ್ ಮಾಡದೆಯೇ ಮಾಡಿದ್ದೇವೆಂದು ಬರೆಯಬಾರದು. ಬಂದ ತಂತ್ರಜ್ಞರಿಗೆ ಅದು ನಿಮಿಷದಲ್ಲಿ ತಿಳಿಯುತ್ತದೆ, ಮಿಕ್ಕ ಮಾತಿನ ಮೇಲೂ ಅನುಮಾನ ಹುಟ್ಟುತ್ತದೆ.

ವಿಡಿಯೊ ಅರ್ಧ ನಿಮಿಷದ್ದಾದರೆ ಸಾಕು. ಇನ್ನೊಂದು ಫೋನಿನಲ್ಲಿ, ಎಲ್ಲೂ ಕತ್ತರಿಸದೆ ತೆಗೆಯಬೇಕು. ಮೊದಲು *#06# ಒತ್ತಿದಾಗ ಬರುವ 15 ಅಂಕಿಯ ಐಎಂಇಐ, ಪಕ್ಕದಲ್ಲೇ ಡಬ್ಬಿಯ ಮೇಲೆ ಅಚ್ಚಾದ ಅದೇ ಸಂಖ್ಯೆ. ಆಮೇಲೆ 198ಕ್ಕೆ ಕರೆ. ಓಡುತ್ತಿರುವ ಸೆಕೆಂಡುಗಳು, ಪೂರ್ತಿ ಏರಿದ ವಾಲ್ಯೂಮ್, ಮೌನ. ನಂತರ ಸ್ಪೀಕರ್ ಗುರುತು ಒತ್ತಿದ ಕೂಡಲೇ ಧ್ವನಿ. ಮೌನವನ್ನು ವಿಡಿಯೊದಲ್ಲಿ ತೋರಿಸಲು ಇದೊಂದೇ ದಾರಿ, ಅದರ ಪಕ್ಕದಲ್ಲಿ ಸದ್ದನ್ನೂ ಕೇಳಿಸುವುದು.

ಮುಂದಿನ ಹೆಜ್ಜೆ ಮೂರು ಬಗೆಯಲ್ಲಿ ಬರಬಹುದು. ನೇರವಾಗಿ ಬದಲಿ ಒಪ್ಪಿದರೆ ಸರಿ. ಫೋನ್ ಪರೀಕ್ಷಿಸುವ ಒಂದು ಆ್ಯಪ್ ಹಾಕಿಕೊಳ್ಳಿ ಎನ್ನಬಹುದು, ಇಲ್ಲವೇ ತಂತ್ರಜ್ಞರನ್ನು ಮನೆಗೇ ಕಳಿಸಬಹುದು. ಇವೂ ಸಮಸ್ಯೆಯಲ್ಲ. ಎಚ್ಚರ ಬೇಕಾದದ್ದು ಮೂರನೆಯದಕ್ಕೆ: ‘ಬ್ರ್ಯಾಂಡಿನ ಸರ್ವಿಸ್ ಸೆಂಟರ್‌ನಿಂದ ಡಿಒಎ ಪತ್ರ ತನ್ನಿ.’ ಫೋನ್ ಕೈಸೇರುವಾಗಲೇ ಕೆಟ್ಟಿತ್ತು ಎಂದು ಅಧಿಕೃತ ಸರ್ವಿಸ್ ಸೆಂಟರ್ ಕೊಡುವ ಪತ್ರ ಅದು. ಕೌಂಟರಿನಲ್ಲಿ ಕೂತವರು ‘ಹತ್ತು ನಿಮಿಷ, ಪಾರ್ಟ್ ಹಾಕಿ ಕೊಡ್ತೀವಿ’ ಎನ್ನುವುದುಂಟು. ಒಪ್ಪಿ ಸಹಿ ಹಾಕಿದರೆ ಅದು ವಾರಂಟಿ ರಿಪೇರಿಯಾಗಿ ದಾಖಲಾಗುತ್ತದೆ, ಬದಲಿ ಕೇಳುವ ದಾರಿ ಬಹುಮಟ್ಟಿಗೆ ಅಲ್ಲಿಗೆ ಮುಚ್ಚುತ್ತದೆ. ಬೇಕಾದದ್ದು ಪತ್ರವೇ ಹೊರತು ಪಾರ್ಟ್ ಅಲ್ಲ. ಅವಧಿ ಮೀರುವ ಮೊದಲೇ ಬದಲಿಯ ಕೋರಿಕೆ ಆ್ಯಪ್‌ನಲ್ಲಿ ದಾಖಲಾಗಿದ್ದರೆ ಈ ಓಡಾಟಕ್ಕೆ ಎರಡು ದಿನ ಹಿಡಿದರೂ ಗಾಬರಿಯಾಗಬೇಕಿಲ್ಲ. ಫೋನಿನಲ್ಲಿ ಮಾತಾಡಿ ಹೇಳಿದ್ದಕ್ಕೆ ತಾರೀಖು ಉಳಿಯುವುದಿಲ್ಲ.

ಕಾನೂನು ಎಷ್ಟರ ಮಟ್ಟಿಗೆ ಬೆನ್ನಿಗಿದೆ? 2020ರ ಜುಲೈನಲ್ಲಿ ಜಾರಿಗೆ ಬಂದ ಗ್ರಾಹಕ ಸಂರಕ್ಷಣೆಯ ಇ-ಕಾಮರ್ಸ್ ನಿಯಮಗಳ ಪ್ರಕಾರ, ದೋಷವಿರುವ ವಸ್ತುವನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದಾಗಲಿ, ಹಣ ಮರಳಿಸುವುದಿಲ್ಲ ಎಂದಾಗಲಿ ಮಾರಾಟಗಾರರು ಹೇಳುವಂತಿಲ್ಲ. ಇಲ್ಲೊಂದು ಸೂಕ್ಷ್ಮವಿದೆ. ನಿಯಮ ಹೇಳುವುದು ವಾಪಸು ಮತ್ತು ಹಣದ ಮಾತು. ಬದಲಿ ಫೋನ್ ಸಿಗುವುದು ಆ ಜಾಲತಾಣ ತಾನೇ ಪ್ರಕಟಿಸಿದ ನೀತಿಯಿಂದ. ಆದ್ದರಿಂದ ‘ಸ್ಟಾಕ್ ಇಲ್ಲ, ಹಣ ಕೊಡುತ್ತೇವೆ’ ಎಂದರೆ ಅದನ್ನು ಅನ್ಯಾಯವೆಂದು ವಾದಿಸುವುದು ಸುಲಭವಲ್ಲ, ಹಬ್ಬದ ಆಫರಿನ ಬೆಲೆ ಕೈತಪ್ಪಿದ ಹೊಟ್ಟೆಯುರಿ ಎಷ್ಟೇ ಇದ್ದರೂ.

ಉತ್ತರವೇ ಬಾರದಿದ್ದರೆ ಜಾಲತಾಣದ ಕುಂದುಕೊರತೆ ಅಧಿಕಾರಿಗೆ ಬರೆಯಬೇಕು. ಅವರ ಹೆಸರು, ವಿಳಾಸ ಪ್ರಕಟಿಸುವುದು ಕಡ್ಡಾಯ. ದೂರು ತಲುಪಿದೆಯೆಂದು 48 ಗಂಟೆಯೊಳಗೆ ತಿಳಿಸಬೇಕು, ಒಂದು ತಿಂಗಳೊಳಗೆ ಪರಿಹರಿಸಬೇಕು. ಹೊಸ ಪತ್ರ ಬೇಡ. ಮೊದಲ ದಿನ ಬರೆದದ್ದನ್ನೇ ದೂರಿನ ಸಂಖ್ಯೆ, ತಾರೀಖು ಸೇರಿಸಿ ಕಳಿಸಿದರಾಯಿತು. ಅಲ್ಲೂ ಆಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915. ಅದರಾಚೆಗೆ ಜಿಲ್ಲಾ ಗ್ರಾಹಕ ಆಯೋಗ. ಮಾರಾಟಗಾರರು ಯಾವ ಊರಿನವರಾದರೂ ಗ್ರಾಹಕರು ತಾವು ವಾಸಿಸುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಐದು ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ. ಆಯೋಗಕ್ಕಾದರೆ ಬದಲಿ ಕೊಡಿಸುವ ಅಧಿಕಾರವೂ ಇದೆ.

ಬಹುತೇಕ ಪ್ರಕರಣಗಳು ಅಷ್ಟು ದೂರ ಹೋಗದೆ ಮನೆ ಬಾಗಿಲಲ್ಲೇ ಮುಗಿಯುತ್ತವೆ. ಹಳೆಯದನ್ನು ಒಯ್ಯಲು ಬರುವ ಹುಡುಗ ಡಬ್ಬಿಯ ಮೇಲಿನ ಐಎಂಇಐ, ಫೋನಿನೊಳಗಿನ ಐಎಂಇಐ ಎರಡನ್ನೂ ಹೋಲಿಸುತ್ತಾನೆ, ಚಾರ್ಜರ್ ಕೇಬಲ್ ಎಣಿಸುತ್ತಾನೆ. ಅಷ್ಟರೊಳಗೆ ಸಿಮ್ ತೆಗೆದಿರಬೇಕು, ಪರದೆಯ ಲಾಕ್ ತೆಗೆದು ಗೂಗಲ್ ಖಾತೆಯನ್ನು ಸೆಟ್ಟಿಂಗ್ಸ್‌ನಿಂದ ಅಳಿಸಿ ರೀಸೆಟ್ ಮಾಡಿರಬೇಕು. ಖಾತೆ ಉಳಿದಿದ್ದರೆ ಫೋನ್ ಮುಂದೆ ಪಾಸ್‌ವರ್ಡ್ ಕೇಳುತ್ತದೆ, ಹುಡುಗ ಬರಿಗೈಲಿ ಹಿಂತಿರುಗುತ್ತಾನೆ. ಒಟಿಪಿ ಬರುವುದು ಆರ್ಡರ್ ಮಾಡಿದವರ ನಂಬರಿಗೆ. ಹಾಗಾಗಿ ಶಿವಮೊಗ್ಗದ ಬಾಗಿಲು ತಟ್ಟುವ ಹೊತ್ತಿಗೆ ಬೆಂಗಳೂರಿನ ಮಗಳು ಮೀಟಿಂಗಿನಲ್ಲಿ ಫೋನ್ ಆಫ್ ಮಾಡಿ ಕೂತಿರಬಾರದು. ಹೊಸ ಫೋನಿಗೆ ಸಿಮ್ ಹಾಕಿ, ಮತ್ತೆ 198ಕ್ಕೆ ಕರೆ ಮಾಡಿ, ಈ ಸಲ ಕಿವಿಗಿಟ್ಟುಕೊಂಡೇ ನೋಡಬೇಕು. ಬಿಲ್ಲಿನಲ್ಲಿ ಹಳೆಯ ಐಎಂಇಐ ಇದ್ದರೆ ಹೊಸ ಸಂಖ್ಯೆಯ ಬಿಲ್ಲು ಅದೇ ದಿನ ಕೇಳಿ ಪಡೆಯುವುದು ಒಳ್ಳೆಯದು. ಇಲ್ಲದಿದ್ದರೆ ಆರು ತಿಂಗಳ ಮೇಲೆ ವಾರಂಟಿಗೆಂದು ಹೋದಾಗ, ‘ಈ ಬಿಲ್ಲು ಈ ಫೋನಿಂದಲ್ವಲ್ಲ ಸಾರ್’ ಎಂಬ ಮಾತು ಸರ್ವಿಸ್ ಸೆಂಟರ್ ಕೌಂಟರಿನಿಂದ ಬರುತ್ತದೆ.