ಜ್ವರ ಇಳಿದರೂ ಅಮ್ಮನನ್ನು ಡಾಕ್ಟರ್ ಹತ್ರ ಕರ್ಕೊಂಡ್ ಹೋಗು

"ಅಣ್ಣಾ, ಅಮ್ಮಂಗೆ ಸೋಮವಾರ ರಾತ್ರಿಯಿಂದ ಜ್ವರ. ಇವತ್ತು ಗುರುವಾರ. ಫೋನಲ್ಲಿ 'ಜ್ವರ ಬಿಟ್ಟಿದೆ ಕಣೇ' ಅಂದ್ರು, ಆದ್ರೆ ದನಿಯೇ ಏಳ್ತಿಲ್ಲ. ಬೆಳಿಗ್ಗೆಯಿಂದ ಹೊಟ್ಟೆನೋವು, ಎರಡು ಸಲ ವಾಂತಿ. ಸಂಜೆವರೆಗೂ ಕಾಯಬೇಡ, ಈಗಲೇ ಕರ್ಕೊಂಡ್ ಹೋಗು. ಬಿಪಿ ಮಾತ್ರೆ ಚೀಟೀನೂ ತಗೊಂಡ್ ಹೋಗು."

ಮಳೆಗಾಲದಲ್ಲಿ ದುಬೈನಿಂದ ದಾವಣಗೆರೆಗೆ ಇಂಥ ವಾಯ್ಸ್ ಮೆಸೇಜ್ ಬಂದರೆ, ತಂಗಿಯದು ಅತಿ ಆತಂಕ ಎನ್ನಬೇಡಿ. ಡೆಂಗಿಯಲ್ಲಿ ಅಪಾಯ ಶುರುವಾಗುವುದು ಹೆಚ್ಚಾಗಿ ಜ್ವರ ಇಳಿಯುವ ಹೊತ್ತಿಗೇ, ಅಂದರೆ 3ರಿಂದ 7ನೇ ದಿನದೊಳಗೆ. ಆಗ ರಕ್ತನಾಳಗಳಿಂದ ದ್ರವ ಹೊರಗೆ ಸೋರಿ, ರಕ್ತ ಗಟ್ಟಿಯಾಗಿ, ಬಿಪಿ ಕುಸಿಯಬಹುದು. ಬಿಡದ ಹೊಟ್ಟೆನೋವು, ಪದೇಪದೇ ವಾಂತಿ, ಒಸಡಿನಲ್ಲಿ ರಕ್ತ, ವಿಪರೀತ ಸುಸ್ತು ಇದರ ಮುನ್ಸೂಚನೆಗಳು.

ಅಣ್ಣ ವೈದ್ಯರಿಗೆ ಮೊದಲು ಹೇಳಬೇಕಾದದ್ದು ಜ್ವರ ಶುರುವಾದ ದಿನ. ಯಾವ ಪರೀಕ್ಷೆ ಎಂಬುದು ಅದರ ಮೇಲೆ ನಿಲ್ಲುತ್ತದೆ: ಮೊದಲ ಐದು ದಿನ ಎನ್‌ಎಸ್‌1, ಆಮೇಲೆ ಐಜಿಎಂ. ಪ್ಲೇಟ್‌ಲೆಟ್ ಸಂಖ್ಯೆಯೊಂದನ್ನೇ ನೋಡಿದರೆ ಸಾಲದು. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ತೋರಿಸುವ ಹೆಮಟೋಕ್ರಿಟ್ ಅನ್ನೂ ವೈದ್ಯರು ನೋಡುತ್ತಾರೆ. ಕೊನೆಯ ಬಾರಿ ಮೂತ್ರ ಹೋಗಿದ್ದು ಯಾವಾಗ ಎಂದೂ ಕೇಳುತ್ತಾರೆ. ಅಮ್ಮನನ್ನು ವಿಚಾರಿಸಿಕೊಂಡೇ ಹೊರಡಿ.

ಮೈಕೈ ನೋವೆಂದು ಮೆಡಿಕಲ್ ಶಾಪಿನಿಂದ ಐಬುಪ್ರೊಫೆನ್, ಡೈಕ್ಲೋಫೆನಾಕ್ ತಂದು ಕೊಡಬೇಡಿ. ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ವೈದ್ಯರನ್ನು ಕಾಣುವವರೆಗೆ ಪ್ಯಾರಾಸಿಟಮಾಲ್ ಸಾಕು.