ಕನಕ ಸದಾ ದಾಸ: ನಡುವಿನಿಂದ ಹುಡುಕುವ ಲೆಕ್ಕ

‘ಕನಕ ಸದಾ ದಾಸ’. ತೆರಪು ಬಿಟ್ಟು ಬಿಡಿಸಿದರೆ ಏಳು ಅಕ್ಷರ: ಕ, ನ, ಕ, ಸ, ದಾ, ದಾ, ಸ. ಎಡದಿಂದ ಓದಿದರೂ ಬಲದಿಂದ ಓದಿದರೂ ಒಂದೇ ಆಗಿ ಕೇಳಿಸುವ ತುಣುಕು ಇದರಲ್ಲಿ ಯಾವುದು ಎಂದು ಕೇಳಿದರೆ ಹೆಚ್ಚಿನವರು ಥಟ್ಟನೆ ‘ಕನಕ’ ಎನ್ನುತ್ತಾರೆ. ಅದು ತಪ್ಪಲ್ಲ. ಆದರೆ ಅದಕ್ಕಿಂತ ಉದ್ದದ್ದು ಪಕ್ಕದಲ್ಲೇ ಇದೆ. ಸ, ದಾ, ದಾ, ಸ: ನಾಲ್ಕು ಅಕ್ಷರ, ಹಿಂದುಮುಂದಾಗಿ ಓದಿದರೂ ಅದೇ.

ಇಂಥ ರಚನೆಗೆ ನಮ್ಮ ಕಾವ್ಯಶಾಸ್ತ್ರದ ಹೆಸರು ಗತಪ್ರತ್ಯಾಗತ. ಕಂಪ್ಯೂಟರ್ ತರಗತಿಯಲ್ಲಿ ಪ್ಯಾಲಿಂಡ್ರೋಮ್ ಎನ್ನುತ್ತಾರೆ. ಕೊಟ್ಟ ಸಾಲಿನೊಳಗಿನ ಅತಿ ಉದ್ದದ ಪ್ಯಾಲಿಂಡ್ರೋಮ್ ತುಣುಕನ್ನು ಹುಡುಕಿ ಎಂಬುದು ಪ್ರೋಗ್ರಾಮಿಂಗ್ ಕಲಿಯುವವರಿಗೂ ಕೆಲಸದ ಸಂದರ್ಶನಕ್ಕೆ ಹೋಗುವವರಿಗೂ ಚೆನ್ನಾಗಿ ಪರಿಚಯವಿರುವ ಪ್ರಶ್ನೆ. ಇದಕ್ಕೆ ಎರಡು ದಾರಿಗಳು ಹೆಚ್ಚು ಬಳಕೆಯಲ್ಲಿವೆ. ಒಂದು, ತುಣುಕಿನ ನಡುವಿನಿಂದ ಹೊರಟು ಎರಡೂ ಕಡೆಗೆ ಹಿಗ್ಗುವುದು. ಇನ್ನೊಂದು, ಡೈನಾಮಿಕ್ ಪ್ರೋಗ್ರಾಮಿಂಗ್ ಎಂಬ ಕ್ರಮದಲ್ಲಿ ಕೋಷ್ಟಕ ತುಂಬುವುದು. ಎರಡನೆಯದು ಹೆಚ್ಚು ವಿದ್ವತ್ತಿನದು ಎಂಬ ಭಾವನೆ ಹಲವರಲ್ಲಿದೆ. ಏಳಕ್ಷರದ ಈ ಸಾಲನ್ನೇ ಇಟ್ಟುಕೊಂಡು ನೋಡಿದರೆ ಆ ಭಾವನೆ ನಿಲ್ಲುವುದಿಲ್ಲ.

ಮೊದಲು ನಡುವಿನ ದಾರಿ. ಎಲ್ಲ ಪ್ಯಾಲಿಂಡ್ರೋಮಿಗೂ ಒಂದು ನಡು ಇರುತ್ತದೆ. ‘ಕನಕ’ದ ನಡು ಒಂದು ಅಕ್ಷರ, ನ. ‘ಸದಾದಾಸ’ದ ನಡುವಿನಲ್ಲಿ ಅಕ್ಷರವೇ ಇಲ್ಲ. ಎರಡು ದಾ ಸೇರುವ ಸಂದಿಯೇ ಅದರ ನಡು. ಆದ್ದರಿಂದ ಏಳು ಅಕ್ಷರದ ಸಾಲಿನಲ್ಲಿ ಏಳು ಅಕ್ಷರಗಳ ಜೊತೆಗೆ ಆರು ಸಂದಿಗಳನ್ನೂ ನಡು ಎಂದು ಎಣಿಸಬೇಕು, ಒಟ್ಟು 13. ಒಂದೊಂದು ನಡುವಿನಲ್ಲೂ ನಿಂತು ಎಡಗಡೆಯ ಅಕ್ಷರವನ್ನೂ ಬಲಗಡೆಯ ಅಕ್ಷರವನ್ನೂ ಹೋಲಿಸುವುದು. ಒಂದೇ ಆದರೆ ಎರಡೂ ಕಡೆ ಒಂದೊಂದು ಹೆಜ್ಜೆ ಮುಂದೆ. ಬೇರೆಯಾದರೆ, ಅಥವಾ ಸಾಲಿನ ಅಂಚು ಬಂದರೆ, ಅಲ್ಲಿಗೆ ನಿಲ್ಲಿಸಿ ಮುಂದಿನ ನಡುವಿಗೆ ಹೋಗುವುದು.

ಈಗ ನಡೆದು ನೋಡೋಣ. ಮೊದಲ ಕ ಅಂಚಿನಲ್ಲಿದೆ, ಹೋಲಿಸಲು ಎಡಗಡೆ ಏನೂ ಇಲ್ಲ. ನ ಮೇಲೆ ನಿಂತರೆ ಆಚೆ ಈಚೆ ಎರಡೂ ಕ. ‘ಕನಕ’ ಸಿಕ್ಕಿತು, ಮುಂದೆ ಅಂಚು. ಮೂರನೆಯ ಅಕ್ಷರವಾದ ಕ ಮೇಲೆ ನಿಂತರೆ ಎಡಕ್ಕೆ ನ, ಬಲಕ್ಕೆ ಸ, ಒಂದೇ ಹೋಲಿಕೆಗೆ ಮುಗಿಯಿತು. ಅಕ್ಷರಗಳ ಮೇಲಿನ ಉಳಿದ ನಡುಗಳ ಕಥೆಯೂ ಇಷ್ಟೇ. ಸಂದಿಗಳಲ್ಲಿ ಎರಡು ದಾ ನಡುವಿನದೊಂದೇ ಫಲ ಕೊಡುತ್ತದೆ: ದಾ ಮತ್ತು ದಾ ಹೊಂದಿದವು, ಅವುಗಳ ಆಚೆಯ ಸ ಮತ್ತು ಸ ಹೊಂದಿದವು, ಅಷ್ಟರಲ್ಲಿ ಬಲಗಡೆಯ ಅಂಚು ಬಂತು. ಎಲ್ಲ ಸೇರಿ ನಡೆದ ಹೋಲಿಕೆಗಳು 12.

ಕೆಲಸದ ತಿರುಳು ಇಷ್ಟು ಚಿಕ್ಕದು:

```python
def expand(s, l, r):
    while l >= 0 and r < len(s) and s[l] == s[r]:
        l -= 1
        r += 1
    return s[l+1:r]
```

ಅಕ್ಷರವೇ ನಡುವಾದರೆ `expand(s, i, i)`, ಸಂದಿ ನಡುವಾದರೆ `expand(s, i, i+1)`. ಕೊನೆಯ ಸಾಲಿನ `l+1` ಮೇಲೆ ಕಣ್ಣಿರಬೇಕು. ಲೂಪ್ ನಿಲ್ಲುವುದು ಹೊಂದಾಣಿಕೆ ತಪ್ಪಿದ ಮೇಲೆ, ಹಾಗಾಗಿ `l` ಮತ್ತು `r` ಎರಡೂ ಪ್ಯಾಲಿಂಡ್ರೋಮಿನಿಂದ ಒಂದು ಹೆಜ್ಜೆ ಆಚೆ ನಿಂತಿರುತ್ತವೆ. ಪೈಥಾನ್‌ನಲ್ಲಿ ತುಣುಕು `r`ಗಿಂತ ಮೊದಲೇ ಮುಗಿಯುವುದರಿಂದ ಎಡಗಡೆಯನ್ನು ಮಾತ್ರ ಹಿಂದಕ್ಕೆ ತಂದರೆ ಸಾಕು.

ಇನ್ನು ಕೋಷ್ಟಕ. ಏಳು ಅಡ್ಡಸಾಲು, ಏಳು ಕಂಬಸಾಲು. ಅಡ್ಡಸಾಲು ತುಣುಕು ಎಲ್ಲಿ ಶುರುವಾಗುತ್ತದೆ ಎಂಬುದನ್ನೂ ಕಂಬಸಾಲು ಎಲ್ಲಿ ಮುಗಿಯುತ್ತದೆ ಎಂಬುದನ್ನೂ ಹೇಳುತ್ತದೆ. ಒಂದೊಂದು ಮನೆಯಲ್ಲೂ ಆ ತುಣುಕು ಪ್ಯಾಲಿಂಡ್ರೋಮ್ ಹೌದೋ ಅಲ್ಲವೋ ಎಂದು ಬರೆಯಬೇಕು. ಶುರುವಿಗಿಂತ ಮೊದಲೇ ಮುಗಿಯುವ ತುಣುಕು ಇಲ್ಲವಾದ್ದರಿಂದ ಕರ್ಣದ ಕೆಳಗಿನ ಮನೆಗಳು ಖಾಲಿ. ಉಳಿಯುವುದು 28. ಅದರಲ್ಲಿ ಕರ್ಣದ ಏಳು ಒಂದೊಂದೇ ಅಕ್ಷರದವು, ತಾವಾಗಿಯೇ ‘ಹೌದು’. ಮಿಕ್ಕ 21 ಮನೆಗಳಿಗೆ ನಿಯಮ ಒಂದೇ: ತುದಿಯ ಎರಡು ಅಕ್ಷರಗಳು ಒಂದೇ ಆಗಿರಬೇಕು, ಒಳಗಿನ ತುಣುಕೂ ಪ್ಯಾಲಿಂಡ್ರೋಮ್ ಆಗಿರಬೇಕು. ಎರಡೇ ಅಕ್ಷರವಿದ್ದರೆ ಒಳಗೆ ನೋಡಲು ಏನೂ ಇರುವುದಿಲ್ಲ. ನಾಲ್ಕರಿಂದ ಏಳರವರೆಗಿನ ಮನೆ ‘ಹೌದು’ ಎನ್ನಲು ಎರಡು ತುದಿಯ ಸ ಒಂದೇ ಆಗಿದ್ದರೆ ಸಾಲದು, ಐದರಿಂದ ಆರರವರೆಗಿನ ಮನೆಯಲ್ಲಿ ಮೊದಲೇ ‘ಹೌದು’ ಎಂದು ಬರೆದಿರಬೇಕು.

ಈ ಮನೆಗಳನ್ನು ಕಾಗದದ ಮೇಲೆ ಬರೆದು ನೋಡಿದವರಿಗೆ ಒಂದು ಸಂಗತಿ ಎದ್ದು ಕಾಣುತ್ತದೆ. ಒಳಗಿನ ಮನೆಯಿಂದ ಹೊರಗಿನ ಮನೆಗೆ ಹೋಗುವುದೆಂದರೆ ಮೇಲಕ್ಕೊಂದು, ಬಲಕ್ಕೊಂದು ಹೆಜ್ಜೆ. (5, 6)ರಿಂದ (4, 7)ಕ್ಕೆ. ಇದು ನಡುವಿನಿಂದ ಎರಡೂ ಕಡೆ ಹಿಗ್ಗುವ ಅದೇ ಹೆಜ್ಜೆ. ಕೋಷ್ಟಕದ ಒಂದೊಂದು ಓರೆಸಾಲೂ ಒಂದೊಂದು ನಡು. ನಡುವಿನ ದಾರಿಯವರು ಒಂದು ಓರೆಸಾಲು ಹಿಡಿದು ಮೊದಲ ‘ಅಲ್ಲ’ ಬಂದ ಕೂಡಲೇ ಬಿಟ್ಟುಬಿಡುತ್ತಾರೆ, ಏಕೆಂದರೆ ಅದರಾಚೆಗೆ ಆ ಸಾಲಿನಲ್ಲಿ ‘ಹೌದು’ ಬರಲು ಸಾಧ್ಯವೇ ಇಲ್ಲ. ಕೋಷ್ಟಕದವರು ಆಮೇಲಿನ ‘ಅಲ್ಲ’ಗಳನ್ನೂ ಒಂದೊಂದಾಗಿ ಬರೆಯುತ್ತಾ ಹೋಗುತ್ತಾರೆ. 12 ಮತ್ತು 21ರ ನಡುವಿನ ವ್ಯತ್ಯಾಸ ಆ ಬರವಣಿಗೆಯದ್ದು.

ಡೈನಾಮಿಕ್ ಪ್ರೋಗ್ರಾಮಿಂಗ್‌ನ ಲಾಭ ಇರುವುದು ನೆನಪಿನಲ್ಲಿ. ಒಮ್ಮೆ ಬಿಡಿಸಿದ ಚಿಕ್ಕ ಲೆಕ್ಕ ಹತ್ತು ಕಡೆ ಬೇಕಾಗುತ್ತದೆ ಎಂದಾದರೆ ಅದನ್ನು ಬರೆದಿಟ್ಟುಕೊಳ್ಳುವುದು ಜಾಣತನ. ಇಲ್ಲಿ ಒಂದು ಮನೆಯ ಉತ್ತರ ಬೇಕಾಗುವುದು ಇನ್ನೊಂದೇ ಮನೆಗೆ, ಅದೂ ಮರುಗಳಿಗೆಯಲ್ಲೇ. ಅದಕ್ಕಾಗಿ ಇಡೀ ಕೋಷ್ಟಕವನ್ನು ಉಳಿಸಿಕೊಳ್ಳುವ ಅಗತ್ಯವಿಲ್ಲ. ಅಕ್ಷರಗಳನ್ನು ನಡುನಡುವೆ ಬಿಟ್ಟು ಪ್ಯಾಲಿಂಡ್ರೋಮ್ ಕಟ್ಟಬಹುದು ಎಂಬ ಸೋದರ ಲೆಕ್ಕದಲ್ಲಿ ಹಾಗಲ್ಲ. ಅಲ್ಲಿ ಒಂದು ಮನೆ ಮೂರು ನೆರೆಮನೆಗಳನ್ನು ಕೇಳುತ್ತದೆ, ಒಂದೇ ಮನೆಯನ್ನು ಹಲವರು ಕೇಳುತ್ತಾರೆ, ಕೋಷ್ಟಕ ಅಲ್ಲಿ ನಿಜಕ್ಕೂ ದುಡಿಯುತ್ತದೆ.

ಏಳಕ್ಷರದಲ್ಲಿ ಇದು ಸಣ್ಣ ಮಾತು, 10,000 ಅಕ್ಷರದಲ್ಲಿ ಅಲ್ಲ. ಆಗ ಕೋಷ್ಟಕಕ್ಕೆ 10 ಕೋಟಿ ಮನೆ. ಮನೆಗೊಂದು ಬೈಟ್ ಎಂದರೂ ಸುಮಾರು 100 ಎಂಬಿ. ಪೈಥಾನ್‌ನ ಸಾಮಾನ್ಯ ಲಿಸ್ಟ್‌ಗಳಲ್ಲಿ ಮನೆಗೆ 8 ಬೈಟ್ ಹಿಡಿಯುವುದರಿಂದ 800 ಎಂಬಿ. ಅಕ್ಷರ ಒಂದು ಲಕ್ಷವಾದರೆ ಮನೆಗೊಂದು ಬೈಟ್ ಲೆಕ್ಕದಲ್ಲೇ 10 ಜಿಬಿ. ನಡುವಿನ ದಾರಿಗೆ ಸಾಲು ಎಷ್ಟೇ ಉದ್ದವಿರಲಿ, ನೆನಪಿಡಬೇಕಾದದ್ದು ನಾಲ್ಕಾರು ಸಂಖ್ಯೆ.

ಸಮಯದ ಲೆಕ್ಕದಲ್ಲಿ ಮಾತ್ರ ಎಚ್ಚರ ಬೇಕು. ಪುಸ್ತಕಗಳಲ್ಲಿ ಎರಡೂ ದಾರಿಗಳಿಗೆ O(n²) ಎಂದೇ ಬರೆದಿರುತ್ತಾರೆ, ಅಂದರೆ ಸಾಲು ಇಮ್ಮಡಿಯಾದರೆ ಕೆಲಸ ನಾಲ್ಕು ಪಟ್ಟು. ಸಾಲಿನ ತುಂಬ ಒಂದೇ ಅಕ್ಷರವಿದ್ದರೆ ಯಾವ ಓರೆಸಾಲಿನಲ್ಲೂ ‘ಅಲ್ಲ’ ಬರುವುದಿಲ್ಲ, ನಡುವಿನ ದಾರಿಯೂ ಅಂಚಿನವರೆಗೆ ನಡೆಯಲೇಬೇಕು. ಏಳು ಅಕ್ಷರಕ್ಕೆ ಆಗ ಸರಿಯಾಗಿ 21 ಹೋಲಿಕೆ, 10,000 ಅಕ್ಷರಕ್ಕೆ ಸುಮಾರು 5 ಕೋಟಿ. ಅದಕ್ಕಿಂತ ಕೆಡುವುದಿಲ್ಲ. ಮಾಮೂಲಿ ಬರಹದಲ್ಲಿ ಬಹುತೇಕ ನಡುಗಳು ಮೊದಲ ಹೋಲಿಕೆಗೇ ಸೋಲುವುದರಿಂದ ಕೆಲಸ 20,000ದ ಆಸುಪಾಸಿನಲ್ಲಿ ಮುಗಿಯುತ್ತದೆ. ಕೋಷ್ಟಕ ಎಂಥ ಸಾಲಿಗೂ ಐದು ಕೋಟಿ ಮನೆ ತುಂಬಿಯೇ ತೀರುತ್ತದೆ. ಒಂದೇ ಅಕ್ಷರ ಸಾಲುಗಟ್ಟಿ ಬರುವ ದತ್ತಾಂಶವಾದರೆ ಗ್ಲೆನ್ ಮನಾಕರ್ 1975ರಲ್ಲಿ ಪ್ರಕಟಿಸಿದ ವಿಧಾನ ಬಳಿಯಲ್ಲಿರಬೇಕು. ಸಿಕ್ಕ ಪ್ಯಾಲಿಂಡ್ರೋಮಿನ ಎಡ ಅರ್ಧದ ಫಲವನ್ನು ಬಲ ಅರ್ಧಕ್ಕೆ ಕನ್ನಡಿಯಂತೆ ಬಳಸಿಕೊಂಡು ಅದು ಸಾಲಿನ ಉದ್ದಕ್ಕೆ ತಕ್ಕಷ್ಟೇ ಹೆಜ್ಜೆಯಲ್ಲಿ ಮುಗಿಸುತ್ತದೆ.

ಕೋಷ್ಟಕಕ್ಕೂ ಅದರದೇ ಜಾಗವಿದೆ. ಒಂದು ಸಾಲನ್ನು ಎಲ್ಲ ತುಣುಕೂ ಪ್ಯಾಲಿಂಡ್ರೋಮ್ ಆಗುವಂತೆ ಕತ್ತರಿಸಬೇಕು ಎಂದಾಗ ‘ಇಲ್ಲಿಂದ ಅಲ್ಲಿಯವರೆಗೆ ಹೌದೇ?’ ಎಂಬ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ತುಂಬಿಟ್ಟ ಕೋಷ್ಟಕ ಅದಕ್ಕೆ ಒಂದೇ ನೋಟದಲ್ಲಿ ಉತ್ತರ ಕೊಡುತ್ತದೆ.

ತಪ್ಪುಗಳ ವಿಷಯಕ್ಕೆ ಬಂದರೆ ‘ಕನಕ ಸದಾ ದಾಸ’ ಒಳ್ಳೆಯ ಪರೀಕ್ಷೆ. ಸಂದಿಗಳನ್ನು ಮರೆತು ಅಕ್ಷರಗಳನ್ನಷ್ಟೇ ನಡುವಾಗಿ ಹಿಡಿದವರಿಗೆ ಸಿಗುವ ಉತ್ತರ ‘ಕನಕ’. ಕೋಷ್ಟಕದ ಕರ್ಣಕ್ಕೆ ಮಾತ್ರ ಮೊದಲೇ ‘ಹೌದು’ ಬರೆದು, ಉಳಿದದ್ದನ್ನು ಮೇಲಿನ ಅಡ್ಡಸಾಲಿನಿಂದ ಕೆಳಕ್ಕೆ ತುಂಬಿದವರಿಗೂ ‘ಕನಕ’ವೇ. (4, 7) ತುಂಬುವ ಹೊತ್ತಿಗೆ ಕೆಳಸಾಲಿನ (5, 6) ಇನ್ನೂ ಖಾಲಿ ಇರುತ್ತದೆ, ಖಾಲಿಯೆಂದರೆ ಪ್ರೋಗ್ರಾಮಿಗೆ ‘ಅಲ್ಲ’. ಕೆಳಸಾಲಿನಿಂದ ಮೇಲಕ್ಕೆ ತುಂಬಬೇಕು, ಇಲ್ಲವೇ ಚಿಕ್ಕ ತುಣುಕಿನಿಂದ ದೊಡ್ಡದಕ್ಕೆ ಹೋಗಬೇಕು. ನಡುವಿನ ದಾರಿಯಲ್ಲಿ ಈ ಕ್ರಮದ ತಲೆನೋವೇ ಇಲ್ಲ.

ಮೂರನೆಯ ತಪ್ಪು ಕನ್ನಡಿಗರಿಗೆ ಮೀಸಲಾದದ್ದು, ಅದಕ್ಕೂ ಉತ್ತರ ‘ಕನಕ’ವೇ. ಮೇಲಿನ `expand` ಸರಿಯಾಗಿದ್ದರೂ, ಸಾಲನ್ನು ನೇರವಾಗಿ ಕೊಟ್ಟರೆ ‘ಸದಾದಾಸ’ ಸಿಗುವುದಿಲ್ಲ. ಯೂನಿಕೋಡ್‌ನಲ್ಲಿ ದಾ ಒಂದು ಗುರುತಲ್ಲ. ದ ಒಂದು, ದೀರ್ಘದ ಚಿಹ್ನೆ ಇನ್ನೊಂದು. ನಾವು ಏಳು ಅಕ್ಷರ ಕಾಣುವ ಕಡೆ ಕಂಪ್ಯೂಟರ್ ಒಂಬತ್ತು ಗುರುತು ಎಣಿಸುತ್ತದೆ, ಎರಡು ದಾ ನಡುವಿನ ಸಂದಿಯ ಎಡಕ್ಕೆ ದೀರ್ಘ, ಬಲಕ್ಕೆ ದ ಕಾಣುತ್ತದೆ. ಹೊಂದಾಣಿಕೆ ಅಲ್ಲೇ ಮುರಿಯುತ್ತದೆ. ಇದೇ ಕಾರಣಕ್ಕೆ ‘ವಿಕಟಕವಿ’ಯಲ್ಲಿ ಅದಕ್ಕೆ ‘ಕಟಕ’ ಮಾತ್ರ ಕಾಣುತ್ತದೆ. ‘ಕಿಟಕಿ’ಯಲ್ಲಿ ಒಂದು ಗುರುತಿಗಿಂತ ಉದ್ದದ್ದು ಏನೂ ಸಿಗುವುದಿಲ್ಲ. ಗುಣಿತವೂ ಒತ್ತೂ ಇಲ್ಲದ ‘ಗದಗ’ ಮಾತ್ರ ಸರಾಗವಾಗಿ ದಾಟುತ್ತದೆ. ಅದನ್ನೊಂದೇ ಕೊಟ್ಟು ಪರೀಕ್ಷಿಸಿದವರಿಗೆ ತಪ್ಪು ಗೊತ್ತೇ ಆಗುವುದಿಲ್ಲ.

ಮದ್ದು ಹುಡುಕುವ ವಿಧಾನದಲ್ಲಿಲ್ಲ, ಅದಕ್ಕೆ ಮೊದಲಿನ ಹಂತದಲ್ಲಿದೆ. ತೆರಪುಗಳನ್ನು ತೆಗೆದು, ಸಾಲನ್ನು ಅಕ್ಷರಗಳ ಪಟ್ಟಿಯಾಗಿ ಒಡೆದು `expand`ಗೆ ಕೊಡಬೇಕು. ಗುಣಿತದ ಚಿಹ್ನೆ, ಸೊನ್ನೆ, ವಿಸರ್ಗ, ಹಲಂತ ಇವು ಬಂದರೆ ಹಿಂದಿನ ಅಕ್ಷರಕ್ಕೆ ಅಂಟಿಸುವುದು. ಹಿಂದಿನದು ಹಲಂತದಲ್ಲಿ ಮುಗಿದಿದ್ದರೆ ಈಗಿನ ವ್ಯಂಜನವನ್ನೂ ಅದಕ್ಕೇ ಸೇರಿಸುವುದು. ಹೀಗೆ ಸೇರಿಸಿದಾಗ ‘ಮಧ್ಯಮ’ದ ಧ್ಯ ಒಂದೇ ತುಂಡಾಗಿ ಉಳಿಯುತ್ತದೆ, ಅದರ ಎರಡೂ ಬದಿಯ ಮ ಹೊಂದುತ್ತವೆ. ‘ಕಿಟಕಿ’ ಮೂರಕ್ಕೆ ಮೂರೂ, ‘ವಿಕಟಕವಿ’ ಐದಕ್ಕೆ ಐದೂ ಸಿಗುತ್ತವೆ. ಪಟ್ಟಿಯ ಐದು ಮತ್ತು ಆರನೆಯ ತುಂಡುಗಳು ಎರಡೂ ದಾ ಆಗಿರುವುದರಿಂದ ‘ಕನಕ ಸದಾ ದಾಸ’ ಕೊಟ್ಟರೆ ಪರದೆಯ ಮೇಲೆ ನಾಲ್ಕು ತುಂಡುಗಳ ಪಟ್ಟಿ ಮೂಡುತ್ತದೆ: ಸ, ದಾ, ದಾ, ಸ.