ಡೈ ಕಂಪನಿಯದು, ಸಾಣೆ ಶೆಡ್ಡಿನದು: ಜಾಬ್ ವರ್ಕ್ ಕರಾರಿನಲ್ಲಿ ಇರಬೇಕಾದ್ದೇನು?

ಬೇರೆಯವರ ಮಾಲಿನ ಮೇಲೆ ಕೂಲಿಗೆ ಮಾಡಿಕೊಡುವ ಕೆಲಸವೇ ಜಾಬ್ ವರ್ಕ್. ಕಂಪನಿ ಉಕ್ಕಿನ ಶೀಟು, ಡೈ ಮತ್ತು ಡ್ರಾಯಿಂಗ್ ಕಳಿಸುತ್ತದೆ. ಪೀಣ್ಯದಂಥ ಕೈಗಾರಿಕಾ ಪ್ರದೇಶದ ಶೆಡ್ಡಿನವರು ತಮ್ಮ ಪ್ರೆಸ್ಸಿನಲ್ಲಿ ಒತ್ತಿ, ಸಿದ್ಧ ಬ್ರಾಕೆಟ್ ವಾಪಸ್ ಕೊಡುತ್ತಾರೆ. ಇಲ್ಲಿ ಮಾರಾಟ ನಡೆಯುವುದಿಲ್ಲ. ಮಾಲು ಶೆಡ್ಡಿನಲ್ಲಿದ್ದರೂ ಒಡೆತನ ಕಂಪನಿಯದೇ. 1872ರ ಕರಾರು ಕಾಯ್ದೆಯ ಪ್ರಕಾರ ಇದು ನಿಕ್ಷೇಪ: ವಸ್ತು ಒಬ್ಬರದು, ಸ್ವಾಧೀನ ಇನ್ನೊಬ್ಬರದು. ಸ್ವಾಧೀನದಲ್ಲಿಟ್ಟುಕೊಂಡವರು ಅದನ್ನು ಸ್ವಂತದ್ದರಂತೆ ಜೋಪಾನ ಮಾಡಬೇಕೆಂದು ಕಾಯ್ದೆ ಹೇಳುತ್ತದೆ. ಆದರೆ ಡೈ ಮೊಂಡಾದರೆ ಯಾರ ಹೊಣೆ, ಎಷ್ಟು ಪೀಸು ಹಾಳಾದರೆ ನಡೆಯುತ್ತದೆ ಎಂಬುದನ್ನು ಅದು ಹೇಳುವುದಿಲ್ಲ. ಅದನ್ನು ಕರಾರೇ ಹೇಳಬೇಕು.

ಮೊದಲು ಡೈ ವಿಚಾರ. ಕಂಪನಿಯೇ ಮಾಡಿಸಿ ಕಳಿಸಿದ ಡೈ ಯಾರದೆಂಬ ಅನುಮಾನ ಬರುವುದಿಲ್ಲ. ತಕರಾರು ಏಳುವುದು ಶೆಡ್ಡಿನವರೇ ಡೈ ಮಾಡಿ, ಅದರ ಖರ್ಚನ್ನು ಪೀಸಿನ ದರದಲ್ಲಿ ಸ್ವಲ್ಪಸ್ವಲ್ಪವಾಗಿ ವಸೂಲಿ ಮಾಡುವಾಗ. ಮೂರು ಲಕ್ಷ ರೂಪಾಯಿಯ ಡೈಗೆ ಪೀಸಿಗೆ ಒಂದು ರೂಪಾಯಿಯಂತೆ ಮೂರು ಲಕ್ಷ ಪೀಸಿನಲ್ಲಿ ಹಣ ತೀರಬೇಕು ಎಂದಿಟ್ಟುಕೊಳ್ಳೋಣ. ಆರ್ಡರ್ 1.8 ಲಕ್ಷ ಪೀಸಿಗೇ ನಿಂತುಹೋದರೆ ಡೈ ಯಾರದು? ಕರಾರಿನಲ್ಲಿ ಏನೂ ಇಲ್ಲದಿದ್ದರೆ ಇಬ್ಬರೂ ತಮ್ಮದೆನ್ನುತ್ತಾರೆ. ಉಳಿದ 1.2 ಲಕ್ಷ ಕೊಟ್ಟ ದಿನ ಡೈ ಕಂಪನಿಯದಾಗುತ್ತದೆ, ಅಲ್ಲಿಯವರೆಗೆ ಶೆಡ್ಡಿನದು ಎಂದು ಒಂದು ವಾಕ್ಯ ಬರೆದಿದ್ದರೆ ಜಗಳಕ್ಕೆ ಜಾಗವಿಲ್ಲ.

ಒಡೆತನ ಕಾಗದದ ಮೇಲಿದ್ದರೆ ಸಾಲದು, ಡೈ ಮೇಲೂ ಕಾಣಬೇಕು. ಮಾಲೀಕರ ಹೆಸರು ಮತ್ತು ಡೈ ನಂಬರನ್ನು ಅದರ ಮೈಮೇಲೆಯೇ ಪಂಚ್ ಮಾಡಿಸಿ, ರಿಜಿಸ್ಟರಿನಲ್ಲಿ ಬರೆದು, ಫೋಟೋ ಇಟ್ಟುಕೊಳ್ಳುವುದು ರೂಢಿ. ಶೆಡ್ಡಿನವರ ಯಂತ್ರ, ದಾಸ್ತಾನುಗಳ ಮೇಲೆ ಬ್ಯಾಂಕಿನ ಸಾಲವಿದ್ದು, ಬ್ಯಾಂಕಿನವರು ಪಟ್ಟಿ ಮಾಡಲು ಬಂದ ದಿನ ಈ ಗುರುತೇ ಸಾಕ್ಷಿ.

ಕಚ್ಚಾ ಮಾಲಿಗೆ ಜಿಎಸ್‌ಟಿಯ ಗಡುವೂ ಇದೆ. 2017ರ ಕೇಂದ್ರ ಜಿಎಸ್‌ಟಿ ಕಾಯ್ದೆಯ 143ನೇ ಸೆಕ್ಷನ್ ಪ್ರಕಾರ, ತೆರಿಗೆ ಕಟ್ಟದೆ ಡೆಲಿವರಿ ಚಲನ್ ಮೇಲೆ ಕಳಿಸಿದ ಮಾಲು ಒಂದು ವರ್ಷದೊಳಗೆ ವಾಪಸ್ ಬರಬೇಕು, ಇಲ್ಲವೇ ಶೆಡ್ಡಿನಿಂದಲೇ ಗ್ರಾಹಕರಿಗೆ ಹೋಗಬೇಕು. ತಪ್ಪಿದರೆ, ಕಳಿಸಿದ ದಿನವೇ ಕಂಪನಿ ಅದನ್ನು ಶೆಡ್ಡಿಗೆ ಪೂರೈಕೆ ಮಾಡಿತೆಂದು ಲೆಕ್ಕ ಹಿಡಿದು ತೆರಿಗೆ ಹಾಕಲಾಗುತ್ತದೆ. ಯಂತ್ರಗಳಿಗೆ ಈ ಗಡುವು ಮೂರು ವರ್ಷ. ಅಚ್ಚು, ಡೈ, ಜಿಗ್, ಫಿಕ್ಸ್ಚರ್, ಟೂಲುಗಳಿಗೆ ಆ ಗಡುವು ಅನ್ವಯಿಸುವುದಿಲ್ಲ.

ಕೂಲಿ ಬಾಕಿಯಿದ್ದರೆ ಕೆಲಸ ಮುಗಿದ ಮಾಲನ್ನು ಹಿಡಿದಿಟ್ಟುಕೊಳ್ಳುವ ಹಕ್ಕನ್ನು ಕರಾರು ಕಾಯ್ದೆಯ 170ನೇ ಸೆಕ್ಷನ್ ಕೊಡುತ್ತದೆ. ಆದರೆ ಆ ಹಕ್ಕು ಯಾವ ಮಾಲಿನ ಮೇಲೆ ದುಡಿಮೆ ನಡೆದಿದೆಯೋ ಅದಕ್ಕಷ್ಟೇ. ಬ್ರಾಕೆಟ್ ಒತ್ತಿದ ಕೂಲಿಗಾಗಿ ಕಂಪನಿಯ ಡೈ ಹಿಡಿದಿಡಲು ಈ ಸೆಕ್ಷನ್ ಆಸರೆಯಾಗುವುದಿಲ್ಲ. ಎಷ್ಟೋ ಕಂಪನಿಗಳು ಈ ಹಕ್ಕನ್ನೇ ಬಿಟ್ಟುಕೊಡುವ ಕಲಮನ್ನು ಕರಾರಿನಲ್ಲಿ ಸೇರಿಸುತ್ತವೆ. ಸಹಿ ಹಾಕುವ ಮುನ್ನ ಶೆಡ್ಡಿನವರು ಹುಡುಕಿ ನೋಡಬೇಕಾದ ಸಾಲು ಅದು.

ಇನ್ನು ರಿಜೆಕ್ಷನ್. ಶೇಕಡಾ ಒಂದು ಎಂದಷ್ಟೇ ಬರೆದರೆ ಅರ್ಧ ಬರೆದಂತೆ. ಯಾವುದರ ಶೇಕಡಾ, ಯಾವ ಕಾರಣಕ್ಕೆ ಎಂಬುದೂ ಬೇಕು. ಒಂದು ಲಾಟಿನ ಲೆಕ್ಕ ಹೀಗಿರಬಹುದು. 2 ಮಿಮೀ ಶೀಟಿನಲ್ಲಿ ಒಂದು ಬ್ರಾಕೆಟ್‌ಗೆ 80 ಮಿಮೀ ಅಗಲ, 50 ಮಿಮೀ ಉದ್ದದ ಪಟ್ಟಿ ಹೋಗುತ್ತದೆ. ತೂಕ ಸುಮಾರು 63 ಗ್ರಾಂ. ಸಿದ್ಧ ಪೀಸು 45 ಗ್ರಾಂ. ಉಳಿದ 18 ಗ್ರಾಂ ಕತ್ತರಿಸಿದ ಸ್ಕ್ರ್ಯಾಪ್. 10,000 ಪೀಸಿಗೆ 630 ಕೆಜಿ ಶೀಟು ಬರುತ್ತದೆ. ಶೀಟು ಕೆಜಿಗೆ 70 ರೂಪಾಯಿ, ಸ್ಕ್ರ್ಯಾಪ್ 30 ರೂಪಾಯಿ, ಒತ್ತುವ ಕೂಲಿ ಪೀಸಿಗೆ 1.20 ರೂಪಾಯಿ ಎಂದುಕೊಳ್ಳೋಣ.

ತಪಾಸಣೆಯಲ್ಲಿ 260 ಪೀಸು ಹೋದವು. ಅದರಲ್ಲಿ 60ರ ಶೀಟೇ ಪದರ ಬಿಟ್ಟಿತ್ತು. ಅದು ಕಂಪನಿಯ ಮಾಲಿನ ದೋಷವಾದ್ದರಿಂದ ಆ ಪೀಸುಗಳಿಗೂ ಕೂಲಿ ಸಿಗಬೇಕು. ಉಳಿದ 200 ಪೀಸಿನ ಅಂಚಿನಲ್ಲಿ ಡ್ರಾಯಿಂಗ್ ಒಪ್ಪುವ 0.1 ಮಿಮೀಗಿಂತ ಹೆಚ್ಚು ಬರ್ ಎದ್ದಿತ್ತು. ಇವಕ್ಕೆ ಕೂಲಿಯಿಲ್ಲ. ಶೇಕಡಾ ಒಂದರ ವಿನಾಯಿತಿಯಲ್ಲಿ 100 ಕಳೆದರೆ, ಉಳಿದ 100 ಪೀಸಿನ ಮಾಲು ಶೆಡ್ಡಿನ ತಲೆಗೆ. ಒಂದು ಪೀಸಿನ ಶೀಟಿಗೆ 4.41 ರೂಪಾಯಿ, ಕೆಟ್ಟ ಪೀಸನ್ನು ವಾಪಸ್ ಕೊಡುವುದರಿಂದ ಅದರ 45 ಗ್ರಾಂ ಸ್ಕ್ರ್ಯಾಪ್ ಬೆಲೆ 1.35 ರೂಪಾಯಿಯನ್ನು ಕಳೆಯಬೇಕು. ಕಡಿತ ಪೀಸಿಗೆ 3.06ರಂತೆ 306 ರೂಪಾಯಿ. 9,800 ಪೀಸಿನ ಕೂಲಿ 11,760ರಲ್ಲಿ ಅದನ್ನು ಕಳೆದರೆ 11,454 ರೂಪಾಯಿ ಬರಬೇಕು. ಕರಾರಿನಲ್ಲಿ ಈ ಸೂತ್ರವಿಲ್ಲದಿದ್ದರೆ, ಸಿದ್ಧ ಬ್ರಾಕೆಟ್‌ನ ಮಾರಾಟ ಬೆಲೆಯನ್ನೇ ಮುರಿದುಕೊಳ್ಳುವ ಡೆಬಿಟ್ ನೋಟ್ ಬಂದರೂ ಬಂದೀತು.

ಆದರೆ ಬರ್ ಎದ್ದದ್ದು ಯಾರ ತಪ್ಪಿನಿಂದ? ಪಂಚಿನ ಅಂಚು ಮೊಂಡಾದಂತೆ ಬರ್ ಏರುತ್ತದೆ. ಲಾಟಿನ ಮೊದಲ ಪೀಸನ್ನೂ ಕೊನೆಯ ಪೀಸನ್ನೂ ಪಕ್ಕಪಕ್ಕ ಇಟ್ಟರೆ ಅದು ಬೆರಳಿಗೇ ಗೊತ್ತಾಗುತ್ತದೆ. ಸಾಣೆ ಹಿಡಿಯುವುದು ಶೆಡ್ಡಿನ ಕೆಲಸವೆಂದು ಕರಾರಿದ್ದರೆ ತಪ್ಪು ಅವರದು. ಸಾಣೆ ಹಿಡಿದು ಹಿಡಿದು ಡೈ ಸವೆದು, ಇನ್ನು ಹಿಡಿಯಲು ಜಾಗವೇ ಇಲ್ಲದಿದ್ದರೆ ಹೊಸ ಡೈ ಕೊಡಬೇಕಾದ್ದು ಕಂಪನಿ. ಇವೆರಡನ್ನು ಬೇರ್ಪಡಿಸುವುದು ಒತ್ತಿದ ಪೀಸುಗಳ ಎಣಿಕೆ ಮತ್ತು ಸಾಣೆಯ ತಾರೀಖು ಬರೆದಿಟ್ಟ ಡೈ ಕಾರ್ಡ್. ಡೈ ಕಲಮು ಸರಿಯಿಲ್ಲದೆ ರಿಜೆಕ್ಷನ್ ಕಲಮು ನಿಲ್ಲುವುದಿಲ್ಲ.

ರಿಜೆಕ್ಷನ್ ತಿಳಿಸಲೂ ಗಡುವು ಬೇಕು. 2006ರ ಎಂಎಸ್‌ಎಂಇ ಕಾಯ್ದೆಯಡಿ, ಕಿರು ಅಥವಾ ಸಣ್ಣ ಉದ್ಯಮವಾಗಿ ನೋಂದಾಯಿಸಿಕೊಂಡ ಶೆಡ್ಡಿಗೆ ಮಾಲು ತಲುಪಿದ 15 ದಿನದೊಳಗೆ ಬರಹದಲ್ಲಿ ಆಕ್ಷೇಪ ಹೋಗದಿದ್ದರೆ, ಅದು ತಲುಪಿದ ದಿನವೇ ಸ್ವೀಕಾರವಾದಂತೆ. ಕರಾರು ಏನೇ ಹೇಳಿದರೂ ಸ್ವೀಕಾರವಾದ 45 ದಿನ ದಾಟಿ ಹಣ ಬಾಕಿಯಿಡುವಂತಿಲ್ಲ.

ಕೊನೆಯದು ಡ್ರಾಯಿಂಗ್. ವ್ಯಾಪಾರ ಗುಟ್ಟಿಗೆಂದೇ ಭಾರತದಲ್ಲಿ ಪ್ರತ್ಯೇಕ ಕಾಯ್ದೆಯಿಲ್ಲ. ಕರಾರು ಮತ್ತು ಕೋರ್ಟುಗಳು ಮಾನ್ಯ ಮಾಡಿದ ವಿಶ್ವಾಸದ ತತ್ವವೇ ಆಧಾರ. 1987ರ ಜಾನ್ ರಿಚರ್ಡ್ ಬ್ರಾಡಿ ಪ್ರಕರಣ ಇಂಥದ್ದೇ. ಮೇವು ಬೆಳೆಸುವ ಯಂತ್ರಕ್ಕೆ ಪ್ಯಾನೆಲ್ ಪೂರೈಸಲೆಂದು ಡ್ರಾಯಿಂಗ್ ಪಡೆದ ಕಂಪನಿ ಅಂಥದ್ದೇ ಯಂತ್ರ ತಯಾರಿಸಿದಾಗ ದೆಹಲಿ ಹೈಕೋರ್ಟ್ ತಡೆಯಾಜ್ಞೆ ಕೊಟ್ಟಿತು. ಹಾಗೆಂದು ಕರಾರು ಮುಗಿದ ಮೇಲೂ ಪ್ರತಿಸ್ಪರ್ಧಿಗಳ ಕೆಲಸ ಹಿಡಿಯಬಾರದೆಂದು ಶೆಡ್ಡಿನ ಕೈ ಕಟ್ಟಿದರೆ, ಆ ಕಲಮು ಕರಾರು ಕಾಯ್ದೆಯ 27ನೇ ಸೆಕ್ಷನ್ನಿನಡಿ ಅಸಿಂಧು. ಗುಟ್ಟು ಕಾಯಿರಿ ಎನ್ನಬಹುದು, ದುಡಿಯಬೇಡಿ ಎನ್ನುವಂತಿಲ್ಲ.

ಡ್ರಾಯಿಂಗ್ ಸೋರುವುದು ಹೆಚ್ಚಾಗಿ ಸಣ್ಣ ದಾರಿಗಳಿಂದ. ಪ್ಲೇಟಿಂಗಿನವರಿಗೆ ಇಡೀ ಹಾಳೆಯ ಫೋಟೋ ವಾಟ್ಸಾಪಿನಲ್ಲಿ ಹೋಗುತ್ತದೆ. ಅವರಿಗೆ ಬೇಕಾದ್ದು ಲೇಪನದ ದಪ್ಪ ಮಾತ್ರ. ಹೊಸ ರಿವಿಷನ್ ಬಂದರೂ ಹಳೆಯ ಪ್ರತಿ ಯಂತ್ರದ ಪಕ್ಕದಲ್ಲೇ ನೇತಾಡುತ್ತದೆ. ಡ್ರಾಯಿಂಗೇ ಇಲ್ಲದೆಯೂ ಗುಟ್ಟು ಹೊರಬೀಳಬಹುದು: ಕೆಟ್ಟ ಪೀಸುಗಳು ಗುಜರಿಯ ಮೂಲಕ ಬಿಡಿಭಾಗದ ಅಂಗಡಿ ಸೇರಿದರೆ ಅಳತೆಯೆಲ್ಲ ಅದರಲ್ಲೇ ಇರುತ್ತದೆ. ಆದ್ದರಿಂದ ಕೆಟ್ಟ ಪೀಸನ್ನು ಎಣಿಸಿ ವಾಪಸ್ ಕೊಡಬೇಕು ಅಥವಾ ಬಳಸಲಾಗದಂತೆ ಬಗ್ಗಿಸಿ ಕತ್ತರಿಸಬೇಕು ಎಂಬ ಷರತ್ತು ಬೇಕು. ಕದ್ದು ಒತ್ತಿದ ಹೆಚ್ಚುವರಿ ಪೀಸು ಪತ್ತೆಯಾಗುವುದೂ ಲೆಕ್ಕದಿಂದಲೇ: ಡೈ ಕಾರ್ಡಿನ ಎಣಿಕೆ, ಬಂದ ಶೀಟಿನ ತೂಕ, ಹೋದ ಪೀಸು ಮತ್ತು ಸ್ಕ್ರ್ಯಾಪ್ ಒಂದಕ್ಕೊಂದು ತಾಳೆಯಾಗಬೇಕು. ಕರಾರು ಮುಗಿಯುವಾಗ ಇದೇ ತಾಳೆಪಟ್ಟಿಗೆ ಇಬ್ಬರೂ ಸಹಿ ಹಾಕಿ, ಉಳಿದ ಶೀಟು, ಡೈ, ಡ್ರಾಯಿಂಗುಗಳನ್ನು ಚಲನ್ ಮೇಲೆ ವಾಪಸ್ ಮಾಡಿ, ಬಾಕಿ ಕೂಲಿ ಚುಕ್ತಾ ಮಾಡಿಕೊಳ್ಳುತ್ತಾರೆ.